ಡಿಲೀಟ್ ಒತ್ತಿದ ಮೇಲೆ ಹೋಗುವುದೇನು, ಉಳಿಯುವುದೇನು

2009ರ ಆಗಸ್ಟ್ 19ರಂದು ರೂಬಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರ ವಲಯದಿಂದ ಒಬ್ಬ ಮನುಷ್ಯ ಮಾಯವಾದ. ಅಂತರ್ಜಾಲದಲ್ಲಿ ಅವನು ಇಟ್ಟುಕೊಂಡಿದ್ದ ಹೆಸರು ‘ವೈ ದಿ ಲಕ್ಕಿ ಸ್ಟಿಫ್’. ವ್ಯಂಗ್ಯಚಿತ್ರಗಳನ್ನು ತುಂಬಿ ರೂಬಿ ಕಲಿಸುವ ಪುಸ್ತಕ ಬರೆದವನು, ಎಚ್‌ಪ್ರಿಕಾಟ್, ಶೂಸ್, ಕ್ಯಾಂಪಿಂಗ್ ಎಂಬ ತಂತ್ರಾಂಶಗಳನ್ನು ಕಟ್ಟಿ ಎಲ್ಲರಿಗೂ ಬಿಟ್ಟುಕೊಟ್ಟವನು. ಆ ದಿನ ಅವನ ವೆಬ್‌ಸೈಟುಗಳು, ಟ್ವಿಟರ್ ಖಾತೆ, ಗಿಟ್‌ಹಬ್‌ನಲ್ಲಿ ಇಟ್ಟಿದ್ದ ಕೋಡ್ ಎಲ್ಲವೂ ಒಟ್ಟಿಗೇ ಇಲ್ಲವಾದವು. ತೆಗೆದುಹಾಕಿದವನು ಅವನೇ. ಆದರೆ ಕೋಡ್ ಹೋಗಲಿಲ್ಲ. ಅವನ ಕೆಲಸವನ್ನು ಮೊದಲೇ ನಕಲು ಮಾಡಿಟ್ಟುಕೊಂಡಿದ್ದವರು ತಮ್ಮ ತಮ್ಮ ಪ್ರತಿಗಳನ್ನು ಹೊರತೆಗೆದರು, ಒಂದೆಡೆ ಸೇರಿಸಿದರು, ಬೇರೆಯವರು ಕೆಲಸ ಮುಂದುವರಿಸಿದರು.

ಬರೆದವನೇ ಅಳಿಸಿದರೂ ಅಳಿಯದ ವಸ್ತು ಇದು. ಹಾಗೆಂದು ಡಿಲೀಟ್ ಗುಂಡಿ ಬರೀ ತೋರಿಕೆಯದು ಎಂದುಕೊಳ್ಳುವಂತಿಲ್ಲ. ಅದು ಕೆಲವನ್ನು ನಿಜವಾಗಿಯೂ ನಾಶ ಮಾಡುತ್ತದೆ, ಕೆಲವನ್ನು ಮುಟ್ಟುವುದೇ ಇಲ್ಲ. ತೊಂದರೆಯೇನೆಂದರೆ, ಹೋಗುವುದು ಸಾಮಾನ್ಯವಾಗಿ ನಮಗೆ ಬೇಕಾದದ್ದು, ಉಳಿಯುವುದು ಅಳಿಸಬೇಕೆಂದಿದ್ದದ್ದು.

ಇದೇಕೆ ಹೀಗೆ ಎಂದು ತಿಳಿಯಲು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬರು ಕನ್ನಡ ಪದಕೋಶದ ಆ್ಯಪ್ ಬರೆದು ಗಿಟ್‌ಹಬ್‌ನಲ್ಲಿ `nanna-khate/padakosha` ಎಂಬ ಹೆಸರಲ್ಲಿ ಇಟ್ಟಿದ್ದಾರೆ. ಇಂಥ ಒಂದು ಕೆಲಸಕ್ಕೆ ಸೇರಿದ ಕಡತಗಳ ಸಂಗ್ರಹಕ್ಕೆ ರೆಪೊಸಿಟರಿ, ಬಾಯಿಮಾತಿನಲ್ಲಿ ರೆಪೊ, ಎನ್ನುತ್ತಾರೆ. ಕಡತಗಳ ಇಂದಿನ ರೂಪದ ಜೊತೆಗೆ ಮೊದಲ ದಿನದಿಂದ ಆದ ಪ್ರತಿಯೊಂದು ಬದಲಾವಣೆಯೂ ಅದರಲ್ಲಿರುತ್ತದೆ. ಒಂದೊಂದು ಬದಲಾವಣೆಯ ದಾಖಲೆಗೂ ಕಮಿಟ್ ಎಂದು ಹೆಸರು. ಈ ಲೆಕ್ಕವನ್ನೆಲ್ಲ ಇಡುವ ತಂತ್ರಾಂಶ ಗಿಟ್. ಗಿಟ್‌ಹಬ್ ಎಂಬುದು ಗಿಟ್ ರೆಪೊಗಳಿಗೆ ಜಾಗ ಕೊಡುವ ತಾಣ.

ರೆಪೊ ಪುಟಕ್ಕೆ ಹೋದವರಿಗೆ ಕೋಡ್‌ನ ಪಕ್ಕದಲ್ಲೇ ಇನ್ನೂ ಎರಡು ಕಾಣುತ್ತವೆ. ಮೊದಲನೆಯದು ಇಶ್ಯೂಗಳು. ‘ಒತ್ತಕ್ಷರ ಇರುವ ಪದ ಹುಡುಕಿದರೆ ಸಿಗುತ್ತಿಲ್ಲ’ ಎಂದು ಬಳಕೆದಾರರು ದೂರು ಬರೆಯುತ್ತಾರೆ, ಬರೆದವರು ಉತ್ತರಿಸುತ್ತಾರೆ, ಇನ್ನೊಬ್ಬರು ಬಂದು ಕಾರಣ ಹೇಳುತ್ತಾರೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಎರಡನೆಯದು ವಿಕಿ. ಆ್ಯಪ್ ಅನ್ನು ಹೇಗೆ ಅಳವಡಿಸಬೇಕು, ಪದಗಳನ್ನು ಯಾವ ಕ್ರಮದಲ್ಲಿ ಸೇರಿಸಬೇಕು ಎಂಬಂಥ ವಿವರಣೆಯ ಪುಟಗಳು ಅಲ್ಲಿರುತ್ತವೆ. ಇವುಗಳ ಜೊತೆಗೆ ಫೋರ್ಕ್‌ಗಳು. ಬೇರೊಬ್ಬರು ಈ ರೆಪೊವನ್ನು ತಮ್ಮ ಖಾತೆಗೆ ನಕಲು ಮಾಡಿಕೊಂಡರೆ ಅದು ಫೋರ್ಕ್. ಅಲ್ಲಿ ಅವರು ತಿದ್ದಿ, ತಿದ್ದುಪಡಿ ಚೆನ್ನಾಗಿದ್ದರೆ ‘ಇದನ್ನು ಮೂಲಕ್ಕೆ ಸೇರಿಸಿಕೊಳ್ಳಿ’ ಎಂದು ಕೋರಿಕೆ ಕಳಿಸುತ್ತಾರೆ. ಅದಕ್ಕೆ ಪುಲ್ ರಿಕ್ವೆಸ್ಟ್ ಎಂದು ಹೆಸರು.

ಒಂದೇ ಪುಟದಲ್ಲಿ ಕಾಣುವುದರಿಂದ ಇವೆಲ್ಲ ಒಂದೇ ವಸ್ತುವೆಂದು ನಾವು ನಂಬಿಬಿಡುತ್ತೇವೆ. ಒಳಗೆ ಹಾಗಿಲ್ಲ. ಕೋಡ್ ಇರುವುದು ಒಂದು ಗಿಟ್ ರೆಪೊದಲ್ಲಿ. ವಿಕಿ ಇರುವುದು ಇನ್ನೊಂದು ಗಿಟ್ ರೆಪೊದಲ್ಲಿ, ಅದರ ವಿಳಾಸ `padakosha.wiki.git`. ಇಶ್ಯೂಗಳು ಗಿಟ್‌ನಲ್ಲಿ ಇಲ್ಲವೇ ಇಲ್ಲ, ಅವು ಕಂಪನಿಯ ಡೇಟಾಬೇಸ್‌ನಲ್ಲಿ ಮಾತ್ರ ಇರುತ್ತವೆ. ಕೋಡನ್ನು ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡಾಗ, ಅಂದರೆ ಕ್ಲೋನ್ ಮಾಡಿದಾಗ, ವಿಕಿಯಾಗಲಿ ಇಶ್ಯೂಗಳಾಗಲಿ ಜೊತೆಗೆ ಬರುವುದಿಲ್ಲ. ಫೋರ್ಕ್ ಮಾಡಿದಾಗಲೂ ಅಷ್ಟೆ. ಹತ್ತು ಜನ ಫೋರ್ಕ್ ಮಾಡಿದರೆ ಕೋಡ್‌ನ ಹತ್ತು ಪ್ರತಿ ಆಗುತ್ತವೆ, ಇಶ್ಯೂಗಳದ್ದು ಮಾತ್ರ ಆಗಲೂ ಒಂದೇ ಪ್ರತಿ.

ಈ ಎರಡು ಉಗ್ರಾಣಗಳು ಬೇರೆ ಬೇರೆ ಎಂಬುದು ಬಹಿರಂಗವಾಗಿ ಕಂಡದ್ದು 2017ರ ಜನವರಿ 31ರಂದು. ಗಿಟ್‌ಹಬ್‌ನಂಥದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್‌ನಲ್ಲಿ, ಡೇಟಾಬೇಸ್ ದುರಸ್ತಿ ಮಾಡುತ್ತಿದ್ದ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ತಡೆದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಮಾಹಿತಿ ಹೋಗಿತ್ತು. ಅವರ ಬಳಿ ಇದ್ದ ಹಲವು ಬ್ಯಾಕಪ್ ವ್ಯವಸ್ಥೆಗಳು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಎಂಬುದೂ ಆಗಲೇ ಗೊತ್ತಾದದ್ದು. ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿದ್ದರಿಂದ ಉಳಿದುಕೊಂಡರು. ಆ ಅವಧಿಯ ಇಶ್ಯೂಗಳು, ಕಮೆಂಟುಗಳು, ಹೊಸ ಬಳಕೆದಾರರ ಖಾತೆಗಳು ಹೋದವು. ಸುಮಾರು 5,000 ಪ್ರಾಜೆಕ್ಟುಗಳು, 5,000 ಕಮೆಂಟುಗಳು, 700 ಖಾತೆಗಳಿಗೆ ಪೆಟ್ಟು ಬಿತ್ತೆಂದು ಕಂಪನಿಯೇ ಹೇಳಿತು. ಆದರೆ ಯಾರ ಕೋಡೂ ಹೋಗಲಿಲ್ಲ, ವಿಕಿಗಳೂ ಹೋಗಲಿಲ್ಲ. ಅವು ಗಿಟ್‌ನಲ್ಲಿದ್ದವು, ಗಿಟ್ ಬೇರೆ ಡಿಸ್ಕಿನಲ್ಲಿತ್ತು. (ತಪ್ಪನ್ನು ಮುಚ್ಚಿಡದೆ, ದುರಸ್ತಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದ ಆ ಕಂಪನಿಯ ಧೈರ್ಯವನ್ನು ಮೆಚ್ಚಲೇಬೇಕು.)

ಈಗ ನಮ್ಮ ಪದಕೋಶಕ್ಕೆ ಬರೋಣ. ಒಡೆಯರಿಗೆ ಬೇಸರ ಬಂತು, ರೆಪೊ ತೆಗೆಯಬೇಕು. ರೆಪೊ ಪುಟದ `Settings` ಒಳಗೆ ಹೋಗಿ ಕೊನೆಯವರೆಗೆ ಇಳಿದರೆ ಕೆಂಪು ಗೆರೆ ಹಾಕಿದ ಒಂದು ಚೌಕ ಸಿಗುತ್ತದೆ. ಅದರ ತಲೆಬರಹ `Danger Zone`. ಅದರಲ್ಲಿ ಕಟ್ಟಕಡೆಯ ಗುಂಡಿ `Delete this repository`. ಅದನ್ನು ಒತ್ತಿದೊಡನೆ ಏನೂ ಆಗುವುದಿಲ್ಲ. ಕೋಡ್ ಮಾತ್ರವಲ್ಲದೆ ವಿಕಿ, ಇಶ್ಯೂ, ಕಮೆಂಟುಗಳೂ ಹೋಗುತ್ತವೆ ಎಂದು ಅದು ಸಾಲಾಗಿ ಎಚ್ಚರಿಸುತ್ತದೆ, ಓದಿದ್ದೇನೆ ಎಂದು ಒಪ್ಪಿಸಿಕೊಳ್ಳುತ್ತದೆ, ಕೊನೆಗೆ ರೆಪೊದ ಪೂರ್ತಿ ಹೆಸರನ್ನು ಕೈಯಾರೆ ಬರೆಯಲು ಹೇಳುತ್ತದೆ. ಹೆಸರು ಬರೆಸುವುದು ಒಳ್ಳೆಯ ಉಪಾಯ. ಎರಡು ಟ್ಯಾಬ್ ತೆರೆದುಕೊಂಡು ಒಂದರ ಬದಲು ಇನ್ನೊಂದನ್ನು ಅಳಿಸಹೊರಟವರಿಗೆ ಎಚ್ಚರವಾಗುವುದು ಅಲ್ಲೇ. ಆದರೆ ಅನೇಕರು ಮೇಲೆ ಕಾಣುವ ಹೆಸರನ್ನೇ ನಕಲು ಮಾಡಿ ಅಂಟಿಸುತ್ತಾರೆ. ಆಗ ಆ ಉಪಾಯದ ಪ್ರಯೋಜನ ಹೋಯಿತು.

ಫೋರ್ಕ್‌ಗಳ ಗತಿ ರೆಪೊ ಸಾರ್ವಜನಿಕವೋ ಖಾಸಗಿಯೋ ಎಂಬುದರ ಮೇಲೆ ನಿಂತಿದೆ, ಇಲ್ಲಿಯೇ ಹೆಚ್ಚಿನವರು ಎಡವುವುದು. ಪದಕೋಶ ಸಾರ್ವಜನಿಕವಾಗಿದ್ದರೆ ಮೂಲವನ್ನು ಅಳಿಸಿದರೂ ಫೋರ್ಕ್‌ಗಳಿಗೆ ಏನೂ ಆಗುವುದಿಲ್ಲ. ಇರುವ ಫೋರ್ಕ್‌ಗಳಲ್ಲೇ ಒಂದನ್ನು ಗಿಟ್‌ಹಬ್ ಹೊಸ ಮೂಲವಾಗಿ ನಿಲ್ಲಿಸುತ್ತದೆ, ಮಿಕ್ಕವು ಅದರ ಫೋರ್ಕ್‌ಗಳಾಗುತ್ತವೆ. ಆ ಫೋರ್ಕಿನ ಒಡೆಯರು ಎಂದೋ ಒಮ್ಮೆ ನಕಲು ಮಾಡಿ ಮರೆತವರಾಗಿರಬಹುದು. ಬೆಳಗಾಗುವಷ್ಟರಲ್ಲಿ ಅವರ ಖಾತೆಯೇ ಆ ಕುಟುಂಬಕ್ಕೆ ಯಜಮಾನ. ಆದರೆ ಹಳೆಯ ಇಶ್ಯೂಗಳಾಗಲಿ ವಿಕಿಯಾಗಲಿ ಅವರ ಕೈಗೆ ಬರುವುದಿಲ್ಲ. ಅದೇ ರೆಪೊ ಖಾಸಗಿಯಾಗಿದ್ದರೆ ಲೆಕ್ಕ ತಿರುಗುಮುರುಗು. ಖಾಸಗಿ ಮೂಲವನ್ನು ಅಳಿಸಿದರೆ ಅದರ ಫೋರ್ಕ್‌ಗಳೆಲ್ಲ ಅದರೊಂದಿಗೇ ಅಳಿಯುತ್ತವೆ. ಕಚೇರಿಯಲ್ಲಿ ಮ್ಯಾನೇಜರು ‘ಹಳೆಯದು, ಯಾರಿಗೂ ಬೇಡ’ ಎಂದು ಖಾಸಗಿ ರೆಪೊ ತೆಗೆದರೆ, ತನ್ನ ಫೋರ್ಕಿನಲ್ಲಿ ಮೂರು ವಾರದಿಂದ ಕೆಲಸ ಮಾಡುತ್ತಿದ್ದ ಕಿರಿಯರ ಜಾಗವೂ ಖಾಲಿ. ಅವರ ಲ್ಯಾಪ್‌ಟಾಪಿನಲ್ಲಿ ಕ್ಲೋನ್ ಇದ್ದರೆ ಬದುಕಿದರು. ಅದಕ್ಕೆ ಕೈ ಹಾಕುವ ಶಕ್ತಿ ಯಾವ ತಾಣಕ್ಕೂ ಇಲ್ಲ.

ಅಳಿಸುವ ಬದಲು ಸಾರ್ವಜನಿಕ ರೆಪೊವನ್ನು ಖಾಸಗಿ ಮಾಡಿದರೆ ಮುಚ್ಚಿಹೋಗುತ್ತದೆ ಎಂದು ಎಣಿಸುವವರಿದ್ದಾರೆ. ಆಗಲೂ ಸಾರ್ವಜನಿಕ ಫೋರ್ಕ್‌ಗಳು ಸಾರ್ವಜನಿಕವಾಗಿಯೇ ಉಳಿಯುತ್ತವೆ, ಮೂಲದಿಂದ ಬೇರ್ಪಡುತ್ತವೆ, ಅಷ್ಟೆ. ಜೊತೆಗೆ ಜನ ಮೆಚ್ಚಿ ಕೊಟ್ಟ ಸ್ಟಾರ್‌ಗಳೂ ಹೋಗುತ್ತವೆ. ಎಚ್‌ಟಿಟಿಪೈ ಎಂಬ ಹೆಸರಾಂತ ತಂತ್ರಾಂಶದವರು 2022ರಲ್ಲಿ ಬೇರೊಂದು ರೆಪೊ ಎಂದುಕೊಂಡು ಮುಖ್ಯ ರೆಪೊವನ್ನೇ ಕ್ಷಣಕಾಲ ಖಾಸಗಿ ಮಾಡಿ 54 ಸಾವಿರ ಸ್ಟಾರ್‌ಗಳನ್ನು ಕಳೆದುಕೊಂಡರು. ಬೇಡಿಕೊಂಡರೂ ಗಿಟ್‌ಹಬ್ ಅವನ್ನು ಮರಳಿಸಲಿಲ್ಲ.

ಇನ್ನು ನಿಜವಾದ ಗುಟ್ಟಿನ ವಿಷಯ. ರೆಪೊ ಅಳಿಸುವವರಲ್ಲಿ ಒಂದು ದೊಡ್ಡ ಪಾಲು ಬೇಸರದಿಂದಲ್ಲ, ಗಾಬರಿಯಿಂದ ಅಳಿಸುತ್ತಾರೆ. ಪಾಸ್‌ವರ್ಡ್ ಅಥವಾ ಹಣ ಖರ್ಚಾಗುವ ಯಾವುದೋ ಸೇವೆಯ ಕೀ ಕೋಡ್‌ನೊಳಗೆ ಸೇರಿ ಸಾರ್ವಜನಿಕವಾಗಿಬಿಟ್ಟಿರುತ್ತದೆ. ಪದಕೋಶಕ್ಕೆ ಕೈಜೋಡಿಸಿದ ಒಬ್ಬ ವಿದ್ಯಾರ್ಥಿ ತನ್ನ ಫೋರ್ಕಿನಲ್ಲಿ ಹೀಗೆ ಮಾಡಿದನೆಂದುಕೊಳ್ಳಿ. ನೋಡಿದ ಕೂಡಲೇ ಫೋರ್ಕನ್ನೇ ಅಳಿಸಿದ, ಪುಟ ತೆರೆದರೆ 404, ನೆಮ್ಮದಿಯಾಯಿತು. ಆದರೆ ಕೀ ಅಲ್ಲೇ ಇದೆ.

ಕಾರಣ ಗಿಟ್‌ಹಬ್ ಜಾಗ ಉಳಿಸುವ ರೀತಿಯಲ್ಲಿದೆ. ಒಂದು ದೊಡ್ಡ ರೆಪೊಗೆ ಸಾವಿರ ಫೋರ್ಕ್ ಇದ್ದರೆ ಸಾವಿರ ಪೂರ್ಣ ಪ್ರತಿ ಇಡುವುದು ದಂಡ. ಹಾಗಾಗಿ ಒಂದು ಮೂಲ ಮತ್ತು ಅದರ ಎಲ್ಲ ಫೋರ್ಕ್‌ಗಳ ಕಮಿಟ್‌ಗಳನ್ನು ಅದು ಒಂದೇ ಕಡೆ ಸೇರಿಸಿಡುತ್ತದೆ. ಅವಿಭಕ್ತ ಕುಟುಂಬದ ಕಣಜದ ಹಾಗೆ: ಅಣ್ಣತಮ್ಮಂದಿರಲ್ಲಿ ಒಬ್ಬ ಮನೆ ಬಿಟ್ಟು ಹೋದರೂ ಅವನು ತಂದು ಸುರಿದ ಭತ್ತ ಕಣಜದಲ್ಲೇ ಬೆರೆತಿರುತ್ತದೆ. ಫೋರ್ಕ್ ಅಳಿಸಿದರೆ ಹೋಗುವುದು ಆ ಫೋರ್ಕಿನ ಹೆಸರು ಮತ್ತು ದಾರಿ. ಕಮಿಟ್ ಒಳಗೇ ಇರುತ್ತದೆ, ಮತ್ತು ಅದರ ಗುರುತಿನ ಸಂಖ್ಯೆ ಗೊತ್ತಿದ್ದವರು ಮೂಲ ರೆಪೊದ ವಿಳಾಸದ ಮೂಲಕವೇ ಅದನ್ನು ತೆರೆಯಬಹುದು:

```
https://github.com/nanna-khate/padakosha/commit/<hash>
```

ಗುರುತಿನ ಸಂಖ್ಯೆ 40 ಅಕ್ಷರದಷ್ಟು ಉದ್ದ, ಯಾರಿಗೆ ಸಿಕ್ಕೀತು ಎನ್ನಬಹುದು. ಆದರೆ ಗಿಟ್‌ಹಬ್ ಅದರ ಮೊದಲ ಕೆಲವು ಅಕ್ಷರಗಳನ್ನಷ್ಟೇ ಕೊಟ್ಟರೂ ಒಪ್ಪುತ್ತದೆ, ಅದೂ ಕನಿಷ್ಠ ನಾಲ್ಕು. ಪ್ರತಿ ಸ್ಥಾನದಲ್ಲಿ 16 ಚಿಹ್ನೆಗಳಲ್ಲಿ ಒಂದು ಇರಬಹುದಾದ್ದರಿಂದ ನಾಲ್ಕು ಸ್ಥಾನಕ್ಕೆ ಆಗುವ ಒಟ್ಟು ಸಾಧ್ಯತೆ 65,536. ಕಂಪ್ಯೂಟರಿಗೆ ಇಷ್ಟನ್ನೂ ಒಂದೊಂದಾಗಿ ಪ್ರಯತ್ನಿಸಿ ನೋಡುವುದು ದೊಡ್ಡ ಕೆಲಸವೇನಲ್ಲ. ಅಷ್ಟೂ ಬೇಕಿಲ್ಲ, ಗಿಟ್‌ಹಬ್‌ನ ಸಾರ್ವಜನಿಕ ಚಟುವಟಿಕೆಗಳನ್ನು 2011ರಿಂದ ದಾಖಲಿಸುತ್ತಿರುವ ಜಿಎಚ್ ಆರ್ಕೈವ್ ಎಂಬ ಸಂಗ್ರಹದಲ್ಲಿ ಯಾವ ಕಮಿಟ್ ಯಾವಾಗ ಬಂತು ಎಂಬುದರ ಗುರುತು ಹುಡುಕಬಹುದು. 2024ರ ಜುಲೈಯಲ್ಲಿ ಟ್ರಫಲ್ ಸೆಕ್ಯುರಿಟಿ ಎಂಬ ಸಂಸ್ಥೆ ಈ ದಾರಿಯನ್ನು ವಿವರವಾಗಿ ಪ್ರಕಟಿಸಿತು. ಹೆಚ್ಚು ಫೋರ್ಕ್ ಆದ ಕೆಲವೇ ರೆಪೊಗಳನ್ನು ನೋಡಿ, ಅಳಿಸಲಾದ ಫೋರ್ಕ್‌ಗಳಿಂದ ಇನ್ನೂ ಚಾಲ್ತಿಯಲ್ಲಿದ್ದ 40 ಕೀಗಳನ್ನು ತೆಗೆದು ತೋರಿಸಿತು. ಇದು ದೋಷವಲ್ಲ, ವ್ಯವಸ್ಥೆಯನ್ನು ಕಟ್ಟಿರುವುದೇ ಹೀಗೆ ಎಂಬುದು ಗಿಟ್‌ಹಬ್ ನಿಲುವು. ನನಗೆ ಆ ಉತ್ತರ ಒಪ್ಪಿಗೆಯಾಗುವುದಿಲ್ಲ. ಹೀಗೆ ಕಟ್ಟಿದ್ದರೆ ಅಳಿಸುವ ಗುಂಡಿಯ ಪಕ್ಕದಲ್ಲೇ ಅದನ್ನು ಬರೆಯಬೇಕಿತ್ತು.

ವಿದ್ಯಾರ್ಥಿ ಆ ಫೋರ್ಕಿನಿಂದ ಪುಲ್ ರಿಕ್ವೆಸ್ಟ್ ಕಳಿಸಿದ್ದರೆ ಇಷ್ಟು ಹುಡುಕಾಟವೂ ಬೇಡ. ಕೋರಿಕೆಯೊಂದಿಗೆ ಹೋದ ಕಮಿಟ್‌ಗಳು ಮೂಲದ ಲೆಕ್ಕದಲ್ಲಿ ದಾಖಲಾಗುತ್ತವೆ. ಫೋರ್ಕ್ ಹೋದ ಮೇಲೆ ಕೋರಿಕೆಯ ಪುಟದಲ್ಲಿ ಎಲ್ಲಿಂದ ಬಂತು ಎಂಬ ಕಡೆ `unknown repository` ಎಂದಾಗುತ್ತದೆ, ಒಳಗಿನ ಸಾಲುಗಳು ಹಾಗೆಯೇ ಓದಲು ಸಿಗುತ್ತವೆ.

ಆದ್ದರಿಂದ ಕೀ ಸೋರಿತೆಂದರೆ ಮಾಡಬೇಕಾದ ಮೊದಲ ಕೆಲಸ ರೆಪೊ ಅಳಿಸುವುದಲ್ಲ, ಆ ಕೀ ಕೊಟ್ಟ ಸೇವೆಗೆ ಹೋಗಿ ಅದನ್ನು ರದ್ದುಮಾಡಿ ಹೊಸದನ್ನು ಪಡೆಯುವುದು. ರದ್ದಾದ ಕೀ ಯಾರ ಕೈಗೆ ಸಿಕ್ಕರೂ ಬರೀ ಅಕ್ಷರಗಳ ಸಾಲು. ಬದಲಿಸಲಾಗದಂಥದ್ದು, ಅಂದರೆ ಜನರ ವೈಯಕ್ತಿಕ ಮಾಹಿತಿಯಂಥದ್ದು ಸೋರಿದ್ದರೆ ಮಾತ್ರ ಗಿಟ್‌ಹಬ್‌ನ ಸಹಾಯ ವಿಭಾಗಕ್ಕೆ ಬರೆದು ಒಳಗಿನ ಪ್ರತಿಯನ್ನೇ ತೆಗೆಸಬೇಕು.

ಹೀಗೆ ಕೋಡ್ ಹಠ ಹಿಡಿದು ಉಳಿಯುವಾಗ, ಇಶ್ಯೂಗಳು ಸದ್ದಿಲ್ಲದೆ ಹೋಗಿರುತ್ತವೆ. ಇದರ ನಷ್ಟ ಅಳಿಸಿದ ದಿನ ಗೊತ್ತಾಗುವುದಿಲ್ಲ. ವರ್ಷ ಕಳೆದ ಮೇಲೆ ಯಾರೋ ಪದಕೋಶದ ಫೋರ್ಕ್ ಹಿಡಿದು ಕೆಲಸ ಮುಂದುವರಿಸುತ್ತಾರೆ. ಹುಡುಕುವ ಭಾಗದಲ್ಲಿ ವಿಚಿತ್ರವಾದ ಒಂದು ಸಾಲು ಕಾಣುತ್ತದೆ. ಯಾಕಿದು ಎಂದು ಅದರ ಕಮಿಟ್ ನೋಡಿದರೆ ಅಲ್ಲಿರುವ ಟಿಪ್ಪಣಿ `Fixes #212` ಎಂದಷ್ಟೇ. 212ನೆಯ ಇಶ್ಯೂದಲ್ಲಿ ಅರ್ಕಾವೊತ್ತಿನ ಪದಗಳನ್ನು ಎರಡು ರೀತಿ ಬೆರಳಚ್ಚು ಮಾಡುವವರಿದ್ದಾರೆ, ಇಂಥ ಫೋನಿನಲ್ಲಿ ಹೀಗಾಗುತ್ತದೆ ಎಂದು ಹತ್ತು ಜನ ಸೇರಿ ಚರ್ಚಿಸಿ ತೀರ್ಮಾನಿಸಿದ್ದರು. ಅದು ಈಗ ಎಲ್ಲೂ ಇಲ್ಲ. ವಿಚಿತ್ರವೆನಿಸಿದ ಸಾಲನ್ನು ಹೊಸಬರು ಸರಳ ಮಾಡುತ್ತಾರೆ, ಹಳೆಯ ದೂರು ಹೊಸದಾಗಿ ಹುಟ್ಟುತ್ತದೆ. ಅದೇ ಹೆಸರಲ್ಲಿ ಹೊಸ ರೆಪೊ ತೆರೆದರಂತೂ ಸಂಖ್ಯೆ ಮತ್ತೆ ಒಂದರಿಂದ ಶುರು. ಹಳೆಯ ಕಮಿಟ್ ಹೇಳುವ 12 ಬೇರೆ, ಹೊಸ ರೆಪೊದ 12 ಬೇರೆ, ಓದುವವರಿಗೆ ದಾರಿ ತಪ್ಪುವುದು ಖಂಡಿತ.

ಮರಳಿ ಪಡೆಯುವ ಅವಕಾಶ ಇಲ್ಲವೆಂದಲ್ಲ. ಗಿಟ್‌ಹಬ್‌ನಲ್ಲಿ ಅಳಿಸಿದ 90 ದಿನಗಳೊಳಗೆ ನಿಮ್ಮ ಖಾತೆಯ `Settings` ಒಳಗಿನ `Repositories` ಭಾಗದಲ್ಲಿ `Deleted repositories` ಎಂಬಲ್ಲಿಗೆ ಹೋಗಿ ಮರಳಿ ತರಬಹುದು. ಅಳಿಸಿದ ತಕ್ಷಣ ಅಲ್ಲಿ ಹೆಸರು ಕಾಣದಿದ್ದರೆ ಹೆದರಬೇಡಿ, ಸುಮಾರು ಒಂದು ಗಂಟೆ ಹಿಡಿಯಬಹುದು. ಆದರೆ ಷರತ್ತುಗಳಿವೆ. ಬಂದ ಇಶ್ಯೂಗಳಿಗೆ ಹಚ್ಚಿದ್ದ ಲೇಬಲ್‌ಗಳು ಬರುವುದಿಲ್ಲ. ಬಿಡುಗಡೆಯ ಜೊತೆ ಸೇರಿಸಿದ್ದ ಕಡತಗಳು, ಅಂದರೆ ಜನ ಇಳಿಸಿಕೊಳ್ಳಲೆಂದು ಇಟ್ಟ ಆ್ಯಪ್‌ನಂಥವು, ಬರುವುದಿಲ್ಲ. ಇದಕ್ಕಿಂತ ದೊಡ್ಡ ಷರತ್ತು: ಫೋರ್ಕ್‌ಗಳಿರುವ ಕುಟುಂಬಕ್ಕೆ ಸೇರಿದ ರೆಪೊವನ್ನು ಹೀಗೆ ತಾನಾಗಿ ಮರಳಿ ತರಲಾಗುವುದಿಲ್ಲ. ಯಾರೂ ಫೋರ್ಕ್ ಮಾಡದ ರೆಪೊ ಸುಲಭವಾಗಿ ಬರುತ್ತದೆ. ಜನ ಬಳಸುತ್ತಿದ್ದ, ಇಶ್ಯೂ ತುಂಬಿದ್ದ ರೆಪೊಗೇ ಬಾಗಿಲು ಬಿಗಿ.

ಹೆಸರಿನದೂ ಒಂದು ಅಪಾಯವಿದೆ. 2018ರಲ್ಲಿ ಗೋ ಭಾಷೆಯ ಬಹುಬಳಕೆಯ ಗೋ-ಬಿನ್‌ಡೇಟಾ ಎಂಬ ತಂತ್ರಾಂಶದ ಕರ್ತೃ ತಮ್ಮ ಗಿಟ್‌ಹಬ್ ಖಾತೆಯನ್ನೇ ಮುಚ್ಚಿದರು. ಖಾಲಿಯಾದ ಆ ಹೆಸರನ್ನು ಬೇರೊಬ್ಬರು ನೋಂದಾಯಿಸಿ ಅದೇ ವಿಳಾಸದಲ್ಲಿ ರೆಪೊ ಇಟ್ಟರು. ಜಗತ್ತಿನಾದ್ಯಂತ ಕಂಪ್ಯೂಟರುಗಳು ಹಳೆಯ ವಿಳಾಸ ಎಂದು ನಂಬಿ ಹೊಸಬರ ಕೋಡ್ ಇಳಿಸಿಕೊಳ್ಳತೊಡಗಿದವು. ಅವರು ಕೆಡುಕೇನೂ ಮಾಡಲಿಲ್ಲ, ಆದರೆ ಮಾಡಬಹುದಿತ್ತು. ಹೆಚ್ಚು ಜನ ಇಳಿಸಿಕೊಳ್ಳುವ ರೆಪೊಗಳ ಹೆಸರನ್ನು ಮರುಬಳಕೆಗೆ ಬಿಡದ ನಿಯಮವನ್ನು ಗಿಟ್‌ಹಬ್ ಆ ವರ್ಷವೇ ತಂದಿತು. ಬಳಕೆದಾರರು ಕಡಿಮೆಯಿರುವ ರೆಪೊಗಳಿಗೆ ಆ ರಕ್ಷಣೆಯಿಲ್ಲ.

ಇಷ್ಟೆಲ್ಲ ತಿಳಿದೂ ಅಳಿಸಲೇಬೇಕೆಂದರೆ ಮೊದಲು ಮೂರನ್ನೂ ಬೇರೆ ಬೇರೆಯಾಗಿ ಇಳಿಸಿಕೊಳ್ಳಬೇಕು. ಇಶ್ಯೂಗಳಿಗೆ ಗಿಟ್‌ಹಬ್‌ನದೇ `gh` ಎಂಬ ಉಪಕರಣ ಬೇಕಾಗುತ್ತದೆ:

```
git clone --mirror https://github.com/nanna-khate/padakosha.git
git clone https://github.com/nanna-khate/padakosha.wiki.git
gh issue list -R nanna-khate/padakosha --state all --limit 5000 --json number,title,body,comments > issues.json
```

ಮೊದಲ ಸಾಲು ಕೋಡನ್ನು ಎಲ್ಲ ಶಾಖೆಗಳ ಸಮೇತ ತರುತ್ತದೆ. ಎರಡನೆಯದು ವಿಕಿ. ಮೂರನೆಯ ಸಾಲಿನಲ್ಲಿ `--state all` ಮತ್ತು `--limit` ಬಿಟ್ಟರೆ ಅದು ಇನ್ನೂ ಮುಗಿಯದ ಇಶ್ಯೂಗಳನ್ನು ಮಾತ್ರ, ಅದೂ 30 ಮಾತ್ರ, ಕೊಟ್ಟು ಸುಮ್ಮನಾಗುತ್ತದೆ. ಎಚ್ಚರಿಕೆಯನ್ನೂ ಕೊಡುವುದಿಲ್ಲ, ಕಡತವಂತೂ ಸಿದ್ಧವಾಗಿರುತ್ತದೆ, ಎಲ್ಲ ಬಂತೆಂದು ನಂಬುತ್ತೇವೆ. ಆದ್ದರಿಂದ ಕಡತದಲ್ಲಿ ಎಷ್ಟು ಇಶ್ಯೂಗಳಿವೆ ಎಂದು ಎಣಿಸಿ, ರೆಪೊ ಪುಟದಲ್ಲಿ ಕಾಣುವ ತೆರೆದ ಮತ್ತು ಮುಚ್ಚಿದ ಇಶ್ಯೂಗಳ ಮೊತ್ತದೊಂದಿಗೆ ತಾಳೆ ನೋಡಬೇಕು. ಪುಲ್ ರಿಕ್ವೆಸ್ಟ್‌ಗಳ ಚರ್ಚೆ ಇದರಲ್ಲಿ ಬರುವುದಿಲ್ಲ, `gh pr list` ಮೂಲಕ ಅದನ್ನೂ ಹೀಗೆಯೇ ತರಬೇಕು. ಇಶ್ಯೂಗಳಲ್ಲಿ ಅಂಟಿಸಿದ ಚಿತ್ರಗಳ ವಿಳಾಸ ಮಾತ್ರ ಕಡತದಲ್ಲಿ ಇರುತ್ತದೆ, ಚಿತ್ರ ಇರುವುದಿಲ್ಲ. ಬೇಕಾದವನ್ನು ಕೈಯಾರೆ ಉಳಿಸಿಕೊಳ್ಳಬೇಕು. ಸಾರ್ವಜನಿಕ ಕೋಡ್ ಆದರೆ ಫ್ರಾನ್ಸಿನ ಇನ್ರಿಯಾ ಸಂಸ್ಥೆ ಆರಂಭಿಸಿದ ಸಾಫ್ಟ್‌ವೇರ್ ಹೆರಿಟೇಜ್ ಎಂಬ ಸಂಗ್ರಹಕ್ಕೆ ವಿಳಾಸ ಕೊಟ್ಟು ಒಂದು ಪ್ರತಿ ಇಡಿಸಬಹುದು. ಅದೂ ಕೋಡ್ ಅನ್ನೇ ಉಳಿಸುತ್ತದೆ, ಇಶ್ಯೂಗಳನ್ನಲ್ಲ.

ಬಹಳ ಮಂದಿಗೆ ನಿಜವಾಗಿ ಬೇಕಿರುವುದು ಅಳಿಸುವುದಲ್ಲ, ‘ಇನ್ನು ನನ್ನನ್ನು ಕೇಳಬೇಡಿ’ ಎಂದು ಹೇಳುವುದು. ಅದಕ್ಕೆ ಬೇರೆ ಗುಂಡಿಯಿದೆ, `Archive this repository`. ಅದನ್ನು ಒತ್ತಿದರೆ ರೆಪೊ ಓದಲಷ್ಟೇ ಸಿಗುತ್ತದೆ. ಹೊಸ ಇಶ್ಯೂ, ಹೊಸ ಕಮೆಂಟು, ಹೊಸ ಕೋರಿಕೆ ಯಾವುದೂ ಬರುವುದಿಲ್ಲ. ಹಳೆಯ ಚರ್ಚೆ, ವಿಕಿ, ಫೋರ್ಕ್, ಸ್ಟಾರ್ ಎಲ್ಲವೂ ಇದ್ದಲ್ಲೇ ಇರುತ್ತವೆ, ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಅದೇ ಕೆಂಪು ಚೌಕದಲ್ಲಿ ಡಿಲೀಟ್‌ಗೆ ನೇರ ಮೇಲಿನ ಸಾಲು ಅದು. ಕೈ ಒಂದು ಸಾಲು ಮೇಲೇ ನಿಲ್ಲಲಿ.